ಅಳಿಲು ಎಲ್ಲಿದೆ? ಮೇಲೆ, ಕೆಳಗೆ, ಒಳಗೆ ಕಲಿಸುವ ಮಲಗುವ ಹೊತ್ತಿನ ಪದ್ಯ ಕಟ್ಟುವ ಕ್ರಮ

ಎಲ್‌ಕೆಜಿ ಮಕ್ಕಳಿಗೆ ಜಾಗ ಹೇಳುವ ಪದಗಳನ್ನು ಪದ್ಯದಲ್ಲಿ ಕಲಿಸಬೇಕೆಂದು ಹೊರಟ ಟೀಚರುಗಳು, ಅಮ್ಮಂದಿರು ಬರೆದು ತಂದು ತೋರಿಸುವ ಕರಡುಗಳು ಹೆಚ್ಚುಕಡಿಮೆ ಹೀಗಿರುತ್ತವೆ:

ತೋಟದಲ್ಲಿ ಪುಟ್ಟ ಅಳಿಲು
ಮರದಲ್ಲಿ ಆಡುತಿತ್ತು
ಊಟವಾದ ಮೇಲೆ ಬಂದು
ಗೂಡಿನಲ್ಲಿ ಮಲಗಿತು

ಓದಲು ಚೆನ್ನಾಗಿದೆ, ಮಗು ನಿದ್ದೆಯನ್ನೂ ಮಾಡುತ್ತದೆ. ಆದರೆ ಈ ನಾಲ್ಕು ಸಾಲಿನಲ್ಲಿ ಜಾಗ ಹೇಳುವ ಪದ ಎಷ್ಟಿದೆ ಎಂದು ಎಣಿಸಿ ನೋಡಿ. ಒಂದೂ ಇಲ್ಲ. ಮೂರು ಕಡೆ ಬರೀ ‘ಅಲ್ಲಿ’ ಇದೆ. ಇರುವ ಒಂದೇ ‘ಮೇಲೆ’ ಜಾಗದ್ದಲ್ಲ, ಹೊತ್ತಿನದು. ಎರಡು ವಾರ ಇದನ್ನೇ ಹೇಳಿಸಿದ ಮೇಲೂ ಮಗು ಚೆಂಡನ್ನು ಮಂಚದ ಕೆಳಗೆ ಹುಡುಕು ಅಂದರೆ ಮಂಚದ ಮೇಲೆ ಹತ್ತುತ್ತದೆ ಎಂದು ದೂರು ಬರುತ್ತದೆ. ತಪ್ಪು ಮಗುವಿನದಲ್ಲ.

ಈ ಪದ್ಯವನ್ನು ಕವಿತೆಯ ಹಾಗೆ ಮೊದಲ ಸಾಲಿನಿಂದ ಬರೆಯಲು ಕೂತರೆ ಕೆಡುತ್ತದೆ. ‘ಅಳಿಲು ಎಲ್ಲಿದೆ’ ಎಂಬ ಪ್ರಶ್ನೆಗೆ ಉತ್ತರ ಹೇಳುವ ಸಾಲು ಮೊದಲು ಹುಟ್ಟಬೇಕು, ಕತೆ ಆಮೇಲೆ. ಕೆಳಗಿನ ಕ್ರಮವನ್ನು ಹಿಂದುಮುಂದು ಮಾಡಬೇಡಿ.

## ಕೈಗೆ ಬೇಕಾದ ಸಾಮಾನು

ಒಂದು ನೋಟ್‌ಬುಕ್, ಪೆನ್ಸಿಲ್, ರಬ್ಬರ್. ಬೋರಲು ಹಾಕಿದರೂ ನಿಲ್ಲುವಂಥ ಒಂದು ಬುಟ್ಟಿ. ಒಂದು ಹಳೆಯ ಸಾಕ್ಸ್. ಅದರೊಳಗೆ ಚಿಂದಿ ಬಟ್ಟೆ ತುಂಬಿ, ಬಾಯಿ ಕಟ್ಟಿ, ಉಳಿದ ತುದಿಯನ್ನು ಬಾಲದ ಹಾಗೆ ಬಿಟ್ಟರೆ ಅಳಿಲು ಸಿದ್ಧ. ಗುಂಡಿ, ಮಣಿ, ಬೀಜ ಅಂಟಿಸಿ ಕಣ್ಣು ಮಾಡಬೇಡಿ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ. ಕಪ್ಪು ದಾರದಲ್ಲಿ ಎರಡು ಹೊಲಿಗೆ ಹಾಕಿದರೆ ಸಾಕು. ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಲು ಬರುತ್ತಿದ್ದರೆ ಒಳ್ಳೆಯದು. ಯಾಕೆ ಎಂಬುದು ಆರನೇ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 1: ಪದಗಳನ್ನು ಆರಿಸಿ, ಆರಕ್ಕೆ ನಿಲ್ಲಿಸಿ

ಕನ್ನಡದಲ್ಲಿ ಜಾಗ ಹೇಳುವ ಪದಗಳು ಹೆಸರಿನ ಮುಂದೆ ಬರುವುದಿಲ್ಲ, ಬೆನ್ನಿಗೆ ಬರುತ್ತವೆ. ಬುಟ್ಟಿಯ ಮೇಲೆ, ಗೂಡಿನ ಒಳಗೆ, ಅಜ್ಜಿಯ ಹಿಂದೆ. ಪದ್ಯ ಕಟ್ಟುವವರಿಗೆ ಇದೊಂದು ವರ. ಕಲಿಸಬೇಕಾದ ಪದವನ್ನು ಸಾಲಿನ ಕೊನೆಗೆ ತಂದು ನಿಲ್ಲಿಸಲು ಭಾಷೆಯನ್ನು ತಿರುಚಬೇಕಾಗಿಲ್ಲ, ಅದು ತಾನೇ ಅಲ್ಲಿಗೆ ಬಂದು ಕೂರುತ್ತದೆ. ಸಾಲಿನ ಕೊನೆಯಲ್ಲಿ ಕೇಳಿದ್ದು ಮಗುವಿನ ಬಾಯಲ್ಲಿ ಉಳಿಯುತ್ತದೆ.

ಯಾವ ಪದ ಮೊದಲು? 1979ರಲ್ಲಿ ಜುಡಿತ್ ಜಾನ್‌ಸ್ಟನ್ ಮತ್ತು ಡ್ಯಾನ್ ಸ್ಲೋಬಿನ್ ಎಂಬ ಇಬ್ಬರು ಸಂಶೋಧಕರು ಇಂಗ್ಲಿಷ್, ಇಟಾಲಿಯನ್, ಸರ್ಬೋ-ಕ್ರೊಯೇಷಿಯನ್, ಟರ್ಕಿಷ್ ಮಾತಾಡುವ ಚಿಕ್ಕ ಮಕ್ಕಳು ಈ ಪದಗಳನ್ನು ಯಾವ ಸರದಿಯಲ್ಲಿ ಹಿಡಿಯುತ್ತಾರೆ ಎಂದು ನೋಡಿದ್ದರು. ಅದರಲ್ಲಿ ಟರ್ಕಿಷ್ ನಮ್ಮ ಹಾಗೆಯೇ ಹೆಸರಿನ ಬೆನ್ನಿಗೆ ಪದ ಇಡುವ ಭಾಷೆ. ನಾಲ್ಕರಲ್ಲೂ ಸರದಿ ಸ್ಥೂಲವಾಗಿ ಒಂದೇ. ಒಳಗೆ, ಮೇಲೆ, ಕೆಳಗೆ, ಪಕ್ಕ ಮೊದಲು ಬರುತ್ತವೆ. ನಡುವೆ ಆಮೇಲೆ. ಹಿಂದೆ–ಮುಂದೆ ಎರಡು ಕಂತಿನಲ್ಲಿ ಬರುತ್ತವೆ: ಮುಖ–ಬೆನ್ನು ಇರುವ ವಸ್ತುವಿಗೆ ಮೊದಲು, ಇಲ್ಲದ ವಸ್ತುವಿಗೆ ಎಲ್ಲಕ್ಕಿಂತ ಕೊನೆಗೆ. ನಾನು ತರಗತಿಯಲ್ಲಿ ಕಂಡದ್ದೂ ಇದಕ್ಕೆ ಹೊಂದುತ್ತದೆ.

ಹಾಗಾಗಿ ಎಲ್‌ಕೆಜಿ ಪದ್ಯಕ್ಕೆ ಈ ಆರು ಸಾಕು: ಒಳಗೆ, ಹೊರಗೆ, ಮೇಲೆ, ಕೆಳಗೆ, ಪಕ್ಕ, ಹಿಂದೆ. ನಡುವೆ, ಮುಂದೆ ಯುಕೆಜಿಗೆ ಇರಲಿ. ಎಡ–ಬಲವನ್ನು ಇದಕ್ಕೆ ಎಳೆದು ತರಲೇಬೇಡಿ. ಹತ್ತು ಪದ ತುರುಕಿದ ಪದ್ಯ ದೊಡ್ಡವರಿಗೆ ತೃಪ್ತಿ ಕೊಡುತ್ತದೆ, ಅಷ್ಟೇ.

ನಿಮ್ಮ ಮನೆಯಲ್ಲಿ ಆಡುವ ರೂಪವನ್ನೇ ಬಳಸಿ. ಧಾರವಾಡದ ಕಡೆ ಮಗು ‘ಮ್ಯಾಲ’, ‘ಒಳಗ’, ‘ಬಾಜು’ ಎಂದು ಕೇಳಿ ಬೆಳೆದಿದ್ದರೆ ಪದ್ಯದಲ್ಲೂ ಅದೇ ಬರಲಿ. ಪುಸ್ತಕದ ರೂಪವನ್ನು ಶಾಲೆ ಹೇಗೂ ಹೇಳಿಕೊಡುತ್ತದೆ.

## ಹಂತ 2: ಒಂದು ಪ್ರಾಣಿ, ಮೂರು ವಸ್ತು

ಪ್ರಾಣಿಗೆ ಎರಡು ಅರ್ಹತೆ ಬೇಕು. ಹಗಲು ಓಡಾಡಿ ರಾತ್ರಿ ಮಲಗುವಂಥದ್ದಾಗಿರಬೇಕು, ಮಗು ಅದನ್ನು ಕಣ್ಣಾರೆ ನೋಡಿರಬೇಕು. ಇಲಿ, ಗೂಬೆ, ಬಾವಲಿ ಇಲ್ಲಿಗೇ ಬಿದ್ದುಹೋದವು. ಅವುಗಳ ದಿನ ಶುರುವಾಗುವುದೇ ನಮ್ಮ ದೀಪ ಆರಿದ ಮೇಲೆ. ಬೆಕ್ಕು ಹಗಲೆಲ್ಲ ನಿದ್ದೆ ಮಾಡುವುದನ್ನು ಮಗು ನೋಡಿಯೇ ಇರುತ್ತದೆ, ‘ಅದು ಈಗ ಮಲಗಲ್ಲ’ ಎಂದು ವಾದಕ್ಕಿಳಿಯುತ್ತದೆ. ಅಳಿಲು ಹೊಂದುತ್ತದೆ. ಹಗಲು ಚುರುಕು, ಸಂಜೆಗೆ ಗೂಡು ಸೇರುತ್ತದೆ, ಹತ್ತಿ–ನಾರು ತಂದು ಗೂಡು ಕಟ್ಟುತ್ತದೆ, ಬೆಂಗಳೂರಿನ ಅಪಾರ್ಟ್‌ಮೆಂಟಿನ ಬಾಲ್ಕನಿಗೂ ಬರುತ್ತದೆ. ಅಳಿಲು ಕಾಣದ ಊರಿನಲ್ಲಿರುವವರು ಗುಬ್ಬಿಯನ್ನು ತೆಗೆದುಕೊಳ್ಳಿ, ಲಯ ಕೆಡುವುದಿಲ್ಲ.

ವಸ್ತುಗಳ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಮರದ ಮೇಲೆ, ಕಲ್ಲಿನ ಕೆಳಗೆ, ಗೂಡಿನ ಒಳಗೆ, ಹೂಕುಂಡದ ಪಕ್ಕ ಎಂದು ಪ್ರತಿ ಪದಕ್ಕೂ ಹೊಸ ವಸ್ತು ತಂದರೆ ಪದ್ಯ ತುಂಬಿದಂತೆ ಕಾಣುತ್ತದೆ. ಮಗು ಕಲಿಯುವುದು ಮಾತ್ರ ವಸ್ತುಗಳ ಹೆಸರನ್ನು. ಗೂಡು ಎಂದ ಕೂಡಲೇ ಒಳಗೆ ಎಂದು ಅದಕ್ಕೆ ಮೊದಲೇ ಗೊತ್ತು. ಪದವನ್ನು ಕೇಳಿಸಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಈವ್ ಕ್ಲಾರ್ಕ್ ಎಂಬ ಭಾಷಾವಿಜ್ಞಾನಿ 1973ರಲ್ಲಿ ಇದನ್ನೇ ತೋರಿಸಿದ್ದರು. ತೀರಾ ಚಿಕ್ಕ ಮಕ್ಕಳು ನಾವು ಹೇಳಿದ ಪದ ಯಾವುದೇ ಇರಲಿ, ಬಾಯಿ ತೆರೆದ ಪಾತ್ರೆ ಕಂಡರೆ ಒಳಗೆ ಹಾಕುತ್ತವೆ, ಚಪ್ಪಟೆ ಜಾಗ ಕಂಡರೆ ಮೇಲೆ ಇಡುತ್ತವೆ. ನೋಡುವವರಿಗೆ ಪದ ಗೊತ್ತಿದ್ದ ಹಾಗೆ ಕಾಣುತ್ತದೆ.

ಅದಕ್ಕೆ ಮದ್ದು: ವಸ್ತು ಅದೇ ಇರಲಿ, ಅಳಿಲು ಜಾಗ ಬದಲಿಸಲಿ. ಗೂಡಿನ ಒಳಗೆ, ಗೂಡಿನ ಹೊರಗೆ. ಬುಟ್ಟಿಯ ಮೇಲೆ, ಬುಟ್ಟಿಯ ಕೆಳಗೆ, ಬುಟ್ಟಿಯ ಪಕ್ಕ. ಈಗ ಸಾಲಿನಿಂದ ಸಾಲಿಗೆ ಬದಲಾಗುವುದು ಕೊನೆಯ ಪದ ಒಂದೇ. ಮಗು ಅದನ್ನು ಕೇಳಿಸಿಕೊಳ್ಳಲೇಬೇಕು.

‘ಹಿಂದೆ’ ಪದಕ್ಕೆ ಬುಟ್ಟಿ ಆಗದು. ಬುಟ್ಟಿಗೆ ಬೆನ್ನೆಲ್ಲಿದೆ? ನೀವು ನಿಂತ ಕಡೆಯಿಂದ ಹಿಂದೆ, ಮಗು ಕೂತ ಕಡೆಯಿಂದ ಪಕ್ಕ. ಮರವೂ ಹೀಗೇ. ಬೆನ್ನಿರುವ ಒಬ್ಬರು ಬೇಕು. ನಾನು ಅಜ್ಜಿಯನ್ನು ಕೂರಿಸಿದೆ. ಗೂಡು, ಬುಟ್ಟಿ, ಅಜ್ಜಿ: ಇಷ್ಟೇ ರಂಗಸಜ್ಜಿಕೆ.

## ಹಂತ 3: ದಿನದ ನಕ್ಷೆ, ಒಂದು ಸಾಲೂ ಬರೆಯುವ ಮೊದಲು

ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದು ಎಡತುದಿಗೆ ಬೆಳಗು, ಬಲತುದಿಗೆ ರಾತ್ರಿ ಎಂದು ಬರೆಯಿರಿ. ಅದರ ಮೇಲೆ ಅಳಿಲು ನಿಲ್ಲುವ ಜಾಗಗಳನ್ನು ಗುರುತು ಹಾಕಿ. ನನ್ನದು ಹೀಗಿತ್ತು: ಗೂಡಿನ ಒಳಗೆ, ಗೂಡಿನ ಹೊರಗೆ, ಬುಟ್ಟಿಯ ಮೇಲೆ, ಬುಟ್ಟಿಯ ಕೆಳಗೆ, ಬುಟ್ಟಿಯ ಪಕ್ಕ, ಅಜ್ಜಿಯ ಹಿಂದೆ, ಮತ್ತೆ ಗೂಡಿನ ಒಳಗೆ, ಕೊನೆಗೆ ಅಮ್ಮನ ಪಕ್ಕ.

ಎರಡು ವಿಷಯ ಗಮನಿಸಿ. ಹೊರಟ ಜಾಗಕ್ಕೇ ಅಳಿಲು ವಾಪಸ್ ಬರುತ್ತದೆ, ಆದ್ದರಿಂದ ‘ಒಳಗೆ’, ‘ಪಕ್ಕ’ ಎರಡೂ ಇನ್ನೊಂದು ಸಲ ಸಿಗುತ್ತವೆ. ಜೊತೆಗೆ, ಗಲಾಟೆ ಏನಿದ್ದರೂ ನಡುವಿನಲ್ಲೇ ಮುಗಿಯಬೇಕು. ನನ್ನ ಪದ್ಯದಲ್ಲಿ ಕಾಗೆ ಬರುವುದು ನಾಲ್ಕನೇ ಜೋಡಿಯಲ್ಲಿ. ಅದನ್ನೇ ಏಳನೆಯದಕ್ಕೆ ತಂದರೆ ಮಗು ಎದ್ದು ಕೂತು ‘ಕಾಗೆ ಆಮೇಲೆ ಏನ್ ಮಾಡ್ತು?’ ಎಂದು ಶುರುಮಾಡುತ್ತದೆ, ಒಂಬತ್ತೂವರೆಗೆ ಮಲಗಬೇಕಾದ್ದು ಹತ್ತೂವರೆಯಾಗುತ್ತದೆ. ಅನುಭವದಿಂದ ಹೇಳುತ್ತಿದ್ದೇನೆ, ಮೊದಲ ಕರಡಿನಲ್ಲಿ ನಾನು ಬೆಕ್ಕನ್ನೂ ಕರೆತಂದಿದ್ದೆ.

## ಹಂತ 4: ಉತ್ತರದ ಸಾಲನ್ನು ಮೊದಲು ಕಟ್ಟಿ

ಇಲ್ಲಿ ಸ್ವಲ್ಪ ಮಾತ್ರೆಯ ಲೆಕ್ಕ ಬೇಕು. ಹೆದರಬೇಡಿ, ಹೈಸ್ಕೂಲಿನಲ್ಲಿ ಹಾಕಿದ ಲಘು–ಗುರುವೇ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು.

ಈಗ ನಮ್ಮ ಪದಗಳನ್ನು ಎಣಿಸಿ. ಮೇಲೆ: ಎರಡು, ಒಂದು, ಒಟ್ಟು ಮೂರು. ಕೆಳಗೆ: ಒಂದು, ಒಂದು, ಒಂದು, ಮೂರು. ಒಳಗೆ ಮೂರು. ಹೊರಗೆ ಮೂರು. ಪಕ್ಕ ಮೂರು. ಹಿಂದೆ, ಮುಂದೆ, ನಡುವೆ ಎಲ್ಲವೂ ಮೂರೇ. ಮೊದಲ ಸಲ ಎಣಿಸಿದಾಗ ನನಗೇ ನಗು ಬಂತು; ಯಾರೋ ಅಳತೆ ಹಿಡಿದು ಕತ್ತರಿಸಿಟ್ಟ ಹಾಗಿವೆ. ಅಂದರೆ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೂ ತಾಳ ತಪ್ಪುವುದಿಲ್ಲ. (‘ಹತ್ತಿರ’ಕ್ಕೆ ನಾಲ್ಕು, ‘ಬಳಿ’ಗೆ ಎರಡು. ಇವೆರಡನ್ನೂ ಬಿಟ್ಟಿದ್ದಕ್ಕೆ ಇದೇ ಕಾರಣ. ‘ಪಕ್ಕ’ ಇರುವಾಗ ಅವು ಬೇಕಾಗಿಯೂ ಇಲ್ಲ.)

ಹೆಸರುಗಳಿಗೆ ನಾಲ್ಕು ಮಾತ್ರೆ ಇಟ್ಟುಕೊಳ್ಳಿ. ಬುಟ್ಟಿಯ, ಗೂಡಿನ, ಅಜ್ಜಿಯ, ಅಮ್ಮನ, ಮಂಚದ, ಕೊಂಬೆಯ ಎಲ್ಲ ನಾಲ್ಕು. ‘ಮರದ’ ಮೂರೇ, ಹಾಗಾಗಿ ಅದು ಈ ತಾಳಕ್ಕೆ ಕೂರುವುದಿಲ್ಲ. ಮರ ಬೇಕೇ ಬೇಕು ಎಂದರೆ ಕೊಂಬೆ ಎನ್ನಿ. ನಾಲ್ಕು, ಮೂರು ಎಂಬ ಈ ನಡೆ ನಮ್ಮ ಕಿವಿಗೆ ಹೊಸದಲ್ಲ. ಇದನ್ನೇ ತಿರುಗಿಸಿ ಮೂರು, ನಾಲ್ಕು ಮಾಡಿದರೆ ಭಾಮಿನಿ ಷಟ್ಪದಿಯ ನಡೆ.

ಪ್ರಶ್ನೆಯೂ ಅದೇ ಅಳತೆಗೆ ಸಿಗುತ್ತದೆ. ‘ಎಲ್ಲಿದೆ’ ನಾಲ್ಕು, ‘ಅಳಿಲು’ ಮೂರು. ಆಗ ಉತ್ತರದ ಸಾಲು:

ಎಲ್ಲಿದೆ ಅಳಿಲು? ಬುಟ್ಟಿಯ ಮೇಲೆ.

ಪದ್ಯದ ಬೆನ್ನೆಲುಬು ಇದೇ. ನಕ್ಷೆಯ ಎಂಟು ಜಾಗಕ್ಕೂ ಇದೇ ಸಾಲನ್ನು ಎಂಟು ಸಲ ಬರೆದುಕೊಳ್ಳಿ, ಪ್ರತಿ ಸಾಲಿನ ಮೇಲೆ ಒಂದು ಸಾಲಿನಷ್ಟು ಜಾಗ ಖಾಲಿ ಬಿಡಿ. ‘ಎಲ್ಲಿಗೆ ಹೋಯ್ತು’ ಎಂದು ಕೇಳಬೇಡಿ, ‘ಎಲ್ಲಿದೆ’ ಎಂದೇ ಕೇಳಿ. ‘ಎಲ್ಲಿಗೆ’ ಎಂದರೆ ಉತ್ತರ ‘ಗೂಡಿಗೆ’, ‘ಬುಟ್ಟಿಗೆ’ ಎಂದು ಬರುತ್ತದೆ, ನಮ್ಮ ಪದ ಮಾಯವಾಗುತ್ತದೆ.

ಸಂಧಿಯ ಬಗ್ಗೆ ಒಂದು ಮಾತು. ‘ಗೂಡಿನ ಒಳಗೆ’ ಎಂದು ಬಿಡಿಸಿಯೇ ಬರೆಯಿರಿ, ಬಿಡಿಸಿಯೇ ಹೇಳಿ. ‘ಗೂಡಿನೊಳಗೆ’ ಎಂದು ಕೂಡಿಸಿದರೆ ಒಂದು ಮಾತ್ರೆ ಕಡಿಮೆಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ‘ಒಳಗೆ’ ಎಂಬ ಪದದ ತಲೆಯೇ ಹಾರಿಹೋಗಿ ಮಗುವಿಗೆ ‘ನೊಳಗೆ’ ಎಂದು ಕೇಳಿಸುತ್ತದೆ. ಸಂಧಿಯಾಗಬೇಕಾದಲ್ಲಿ ಮಾಡದಿರುವುದನ್ನು ಹಳಬರು ವಿಸಂಧಿ ಎಂಬ ದೋಷವೆಂದರು. ನಾಲ್ಕು ವರ್ಷದ ಕಿವಿಗೆ ಆ ದೋಷ ಬೇಕು, ಧೈರ್ಯವಾಗಿ ಮಾಡಿ.

## ಹಂತ 5: ಕತೆಯ ಸಾಲುಗಳನ್ನು ತುಂಬಿ

ಈಗ ಖಾಲಿ ಬಿಟ್ಟ ಜಾಗಕ್ಕೆ ಕತೆ. ನಿಯಮ ಎರಡೇ. ಕತೆಯ ಸಾಲೂ ನಾಲ್ಕು–ಮೂರು, ನಾಲ್ಕು–ಮೂರರಲ್ಲೇ ನಡೆಯಬೇಕು. ಅದರಲ್ಲಿ ಜಾಗ ಹೇಳುವ ಪದ ಯಾವುದೂ ಬರಕೂಡದು, ‘ಅಲ್ಲಿ’ ಕೂಡ. ಕತೆಯ ಸಾಲಿನ ಕೆಲಸ ಅಳಿಲು ಜಾಗ ಬದಲಿಸಲು ಒಂದು ಕಾರಣ ಕೊಡುವುದು, ಅಷ್ಟೇ.

ಕೂಗಿತು ಹಕ್ಕಿ, ಹರಿಯಿತು ಬೆಳಕು,
ಎಲ್ಲಿದೆ ಅಳಿಲು? ಗೂಡಿನ ಒಳಗೆ.

ಕಣ್ಣನು ಉಜ್ಜಿ, ಬಾಲವ ಬೀಸಿ,
ಎಲ್ಲಿದೆ ಅಳಿಲು? ಗೂಡಿನ ಹೊರಗೆ.

ಅಜ್ಜಿಯು ಬುಟ್ಟಿ ಬೋರಲು ಇಟ್ಲು,
ಎಲ್ಲಿದೆ ಅಳಿಲು? ಬುಟ್ಟಿಯ ಮೇಲೆ.

ಕಾಗೆಯು ಬಂತು, ಕಾವ್ ಕಾವ್ ಅಂತು,
ಎಲ್ಲಿದೆ ಅಳಿಲು? ಬುಟ್ಟಿಯ ಕೆಳಗೆ.

ಬುಟ್ಟಿಯ ಎತ್ತಿ ಅಜ್ಜಿಯು ನಕ್ಲು,
ಎಲ್ಲಿದೆ ಅಳಿಲು? ಬುಟ್ಟಿಯ ಪಕ್ಕ.

ಅಜ್ಜಿಯು ಕೂತು ಹೂವನು ಕಟ್ಲು,
ಎಲ್ಲಿದೆ ಅಳಿಲು? ಅಜ್ಜಿಯ ಹಿಂದೆ.

ಮುಳುಗಿತು ಹೊತ್ತು, ಕವಿಯಿತು ಇರುಳು,
ಎಲ್ಲಿದೆ ಅಳಿಲು? ಗೂಡಿನ ಒಳಗೆ.

ಬಾಲವ ಹೊದ್ದು, ಕಣ್ಣನು ಮುಚ್ಚಿ,
ಎಲ್ಲಿದೆ ಅಳಿಲು? ಅಮ್ಮನ ಪಕ್ಕ.

ಬುಟ್ಟಿಯನ್ನು ಬೋರಲು ಇಡಿಸಿದ್ದು ಪ್ರಾಸಕ್ಕಲ್ಲ. ನೆಟ್ಟಗಿರುವ ಬುಟ್ಟಿಯ ಮೇಲೆ ಕೂರುವುದೆಂದರೆ ಅಂಚಿನ ಮೇಲೋ, ಒಳಗೋ ಎಂಬ ಗೊಂದಲ ಬರುತ್ತದೆ. ಬೋರಲು ಹಾಕಿದರೆ ಮೇಲೆ, ಕೆಳಗೆ ಎರಡೂ ಸ್ಪಷ್ಟ. ಅಜ್ಜಿ ಕೂತು ಹೂ ಕಟ್ಟುವುದಕ್ಕೂ ಕಾರಣವಿದೆ: ಕೂತವರು ತಿರುಗುವುದಿಲ್ಲ, ಬೆನ್ನು ಇದ್ದಲ್ಲೇ ಇರುತ್ತದೆ. ಅಳಿಲು ತನ್ನ ಹಿಂದಿರುವುದು ಅಜ್ಜಿಗೆ ಗೊತ್ತಿಲ್ಲ, ಮಗುವಿಗೆ ಗೊತ್ತು. ಎಂಟು ಜೋಡಿಗಳಲ್ಲಿ ಮಕ್ಕಳು ಕಿಸಕ್ಕೆಂದು ನಗುವುದು ಇಲ್ಲಿಯೇ.

‘ಇಟ್ಲು’, ‘ನಕ್ಲು’, ‘ಕಟ್ಲು’ ಆಡುಮಾತಿನವು. ‘ಇಟ್ಟಳು’ ಎಂದು ತಿದ್ದಿದರೆ ನಾಲ್ಕು ಮಾತ್ರೆಯಾಗಿ ಕಾಲು ಎಡವುತ್ತದೆ. ಅಜ್ಜಿಯನ್ನು ಬಹುವಚನದಲ್ಲೇ ಕರೆಯುವ ಮನೆಯವರು ‘ಇಟ್ರು’, ‘ನಕ್ರು’, ‘ಕಟ್ರು’ ಎನ್ನಬಹುದು, ತಾಳ ಅಲ್ಲಾಡುವುದಿಲ್ಲ.

## ಹಂತ 6: ಜರಡಿ ಹಿಡಿಯಿರಿ

ನಿಮ್ಮ ಪದ್ಯವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಕಾಗದ ನೋಡದೆ ಒಮ್ಮೆ ಕೇಳಿ. ಓದುವಾಗ ಕಣ್ಣು ಮುಚ್ಚಿಹಾಕುವ ತಪ್ಪು ಕಿವಿಗೆ ಸಿಕ್ಕಿಬೀಳುತ್ತದೆ. ಮೂರು ತಪ್ಪು ಹುಡುಕಬೇಕು.

ಮೊದಲನೆಯದು ಹೊತ್ತಿನ ‘ಮೇಲೆ’. ದಿನದ ಕತೆ ಹೇಳುವಾಗ ‘ಬೆಳಗಾದ ಮೇಲೆ’, ‘ಹಣ್ಣು ತಿಂದ ಮೇಲೆ’ ತಾನಾಗಿ ನುಸುಳುತ್ತದೆ. ನಮ್ಮ ಭಾಷೆಯಲ್ಲಿ ಜಾಗದ ಪದಗಳೇ ಹೊತ್ತಿಗೂ ದುಡಿಯುತ್ತವೆ: ಊಟ ಆದ ಮೇಲೆ, ಸ್ವಲ್ಪ ಹೊತ್ತಿನ ಹಿಂದೆ, ಮುಂದೆ ಏನಾಯ್ತು, ಸಂಜೆಯ ಒಳಗೆ. ದೊಡ್ಡವರಿಗೆ ಸಂದರ್ಭ ಗೊತ್ತು. ಮಗುವಿನ ಮುಂದೆ ಒಂದೇ ಪದ್ಯದಲ್ಲಿ ‘ತಿಂದ ಮೇಲೆ ಬುಟ್ಟಿಯ ಮೇಲೆ’ ಎಂದರೆ ಬುಟ್ಟಿ ಮೇಲಿದೆಯೋ ತಿಂಡಿ ಮೇಲಿದೆಯೋ ಎಂದು ಅದು ಯೋಚಿಸಬೇಕಾಗುತ್ತದೆ. ಇಂಥ ಒಂದೂ ಉಳಿಯದ ಹಾಗೆ ಅಳಿಸಿ. ‘ಬೆಳಗಾದ ಮೇಲೆ’ ಬದಲು ‘ಹರಿಯಿತು ಬೆಳಕು’, ‘ಎದ್ದ ಮೇಲೆ’ ಬದಲು ‘ಕಣ್ಣನು ಉಜ್ಜಿ’.

ಎರಡನೆಯದು ‘ಅಲ್ಲಿ’. ಇದು ಎಲ್ಲವನ್ನೂ ನುಂಗುವ ಪ್ರತ್ಯಯ. ‘ಮರದಲ್ಲಿ ಅಳಿಲು’ ಎಂದರೆ ಕೊಂಬೆಯ ಮೇಲೋ, ಪೊಟರೆಯ ಒಳಗೋ? ‘ಬುಟ್ಟಿಯಲ್ಲಿ ಮಾವಿನಹಣ್ಣು’ ಎಂದರೆ ಒಳಗೆ, ‘ಗೋಡೆಯಲ್ಲಿ ಹಲ್ಲಿ’ ಎಂದರೆ ಮೇಲೆ. ಮಾತಿಗೆ ಇದು ಅನುಕೂಲ, ನಮ್ಮ ಪದ್ಯಕ್ಕೆ ವಿಷ. ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ ಒಂದೊಂದನ್ನೇ ತೆಗೆಯಿರಿ.

ಮೂರನೆಯದು ಒಂಟಿ ಪದ. ‘ಅಳಿಲು ಮೇಲೆ ಹೋಯ್ತು, ಕೆಳಗೆ ಬಂತು’. ಯಾವುದರ ಮೇಲೆ? ಇಲ್ಲಿ ಮೇಲೆ ಅಂದರೆ ಎತ್ತರಕ್ಕೆ, ಕೆಳಗೆ ಅಂದರೆ ನೆಲಕ್ಕೆ. ಬುಟ್ಟಿಯ ಕೆಳಗೆ ಎಂಬುದಕ್ಕೂ ಇದಕ್ಕೂ ದೂರದ ನಂಟು ಮಾತ್ರ. ಪ್ರತಿ ಪದದ ಹಿಂದೆ ಒಂದು ಹೆಸರು ಇರಲೇಬೇಕು.

## ಹಂತ 7: ರಾತ್ರಿ ಹೇಳುವ ಕ್ರಮ

ಮೊದಲ ರಾತ್ರಿ ದೀಪ ಆರಿಸುವ ಮೊದಲು ಬುಟ್ಟಿ ಮತ್ತು ಸಾಕ್ಸ್ ಅಳಿಲಿನ ಜೊತೆ ಒಂದೇ ಸಲ ಆಡಿ ತೋರಿಸಿ. ತಲೆದಿಂಬು ಗೂಡಾಗಲಿ. ಅಜ್ಜಿ ಮನೆಯಲ್ಲಿದ್ದರೆ ಕೇಳಬೇಕೆ, ಅವರನ್ನೇ ಕೂರಿಸಿ. ಆಮೇಲೆ ಸಾಮಾನು ಎತ್ತಿಟ್ಟು ದೀಪ ಆರಿಸಿ, ಬರೀ ಪದ್ಯ ಹೇಳಿ. ಎರಡನೇ ರಾತ್ರಿಯಿಂದ ಸಾಮಾನು ಬೇಡ. ಆಟದ ಸಾಮಾನು ಕೈಗೆ ಬಂದರೆ ನಿದ್ದೆ ದೂರ ಓಡುತ್ತದೆ.

ಮೂರನೇ ರಾತ್ರಿಯಿಂದ ಕೊನೆಯ ಪದದ ಮುಂದೆ ತಡೆಯಿರಿ. ‘ಎಲ್ಲಿದೆ ಅಳಿಲು? ಬುಟ್ಟಿಯ…’ ಎಂದು ನಿಲ್ಲಿಸಿ, ಮನಸ್ಸಿನಲ್ಲಿ ಮೂರರವರೆಗೆ ಎಣಿಸಿ. ಮಗು ಹೇಳಿದರೆ ಸರಿ, ಇಲ್ಲದಿದ್ದರೆ ನೀವೇ ಹೇಳಿ ಮುಂದೆ ಹೋಗಿ. ‘ಹೇಳು, ಹೇಳು’ ಎಂದು ಒತ್ತಾಯಿಸಿದರೆ ಮಲಗುವ ಹೊತ್ತು ಕ್ಲಾಸ್ ಆಗುತ್ತದೆ. ತಪ್ಪು ಹೇಳಿದರೆ ತಿದ್ದುಪಡಿಯ ಪಾಠ ಬೇಡ, ಸರಿಯಾದ ಸಾಲನ್ನು ಪೂರ್ತಿ ಒಮ್ಮೆ ಹೇಳಿ ಮುಂದಿನದಕ್ಕೆ ಸರಿಯಿರಿ.

ದನಿಯ ವೇಗವನ್ನು ಕಾಗೆಯ ಸಾಲಿನಿಂದಾಚೆ ಇಳಿಸುತ್ತಾ ಬನ್ನಿ. ‘ಕಾವ್ ಕಾವ್’ ಪಿಸುಮಾತಿನಲ್ಲಿರಲಿ. ಕೊನೆಯ ಎರಡು ಜೋಡಿಗೆ ಮೊದಲಿನವುಗಳ ದುಪ್ಪಟ್ಟು ಹೊತ್ತು ತೆಗೆದುಕೊಳ್ಳಿ. ಕೊನೆಯ ಸಾಲನ್ನು ಇನ್ನೊಮ್ಮೆ ಹೇಳುವಾಗ ‘ಅಳಿಲು’ ಬದಲು ‘ಕಂದ’ ಎನ್ನಬಹುದು: ‘ಎಲ್ಲಿದೆ ಕಂದ? ಅಮ್ಮನ ಪಕ್ಕ.’ ಅಪ್ಪ ಮಲಗಿಸುವ ಮನೆಯಲ್ಲಿ ‘ಅಪ್ಪನ ಪಕ್ಕ’. ಅಪ್ಪನಿಗೂ ನಾಲ್ಕೇ ಮಾತ್ರೆ.

## ಹಂತ 8: ಬೆಳಿಗ್ಗೆ ನೋಡುವ ಪರೀಕ್ಷೆ

ರಾತ್ರಿ ಪರೀಕ್ಷೆ ಬೇಡ. ಒಂದು ವಾರವಾದ ಮೇಲೆ ಬೆಳಿಗ್ಗೆ ಆಟದ ನಡುವೆ ನೋಡಿ. ಬುಟ್ಟಿಯನ್ನು ಈ ಸಲ ನೆಟ್ಟಗೆ ಇಡಿ, ಬಾಯಿ ಮೇಲಿರಲಿ. ಸಾಕ್ಸ್ ಅಳಿಲನ್ನು ಕೈಗೆ ಕೊಟ್ಟು ‘ಬುಟ್ಟಿಯ ಪಕ್ಕ ಇಡು’ ಎನ್ನಿ. ಪದ ಗೊತ್ತಿಲ್ಲದ ಮಗು ಬುಟ್ಟಿಯ ಒಳಗೆ ಹಾಕುತ್ತದೆ, ಬಾಯಿ ತೆರೆದ ಬುಟ್ಟಿ ಕರೆಯುವುದೇ ಹಾಗೆ. ಗೊತ್ತಿರುವ ಮಗು ಪಕ್ಕದಲ್ಲಿ ಇಡುತ್ತದೆ. ‘ಒಳಗೆ ಇಡು’ ಎಂದು ಕೇಳಿ ಅದು ಒಳಗೇ ಇಟ್ಟರೆ ನಿಮಗೆ ಏನೂ ತಿಳಿಯುವುದಿಲ್ಲ. ಅದಕ್ಕೇ ವಸ್ತುವಿನ ಸ್ವಭಾವಕ್ಕೆ ಎದುರಾದ ಪದವನ್ನೇ ಕೇಳಬೇಕು: ಲೋಟದ ಕೆಳಗೆ, ಡಬ್ಬಿಯ ಮೇಲೆ, ಚೀಲದ ಹೊರಗೆ.

ಕೇಳುವಾಗ ಮಗುವಿನ ಮುಖ ನೋಡಿ, ಬುಟ್ಟಿಯನ್ನಲ್ಲ. ನಾವು ‘ಕೆಳಗೆ’ ಎನ್ನುವಾಗ ನಮ್ಮ ಕಣ್ಣು, ಗಲ್ಲ ಕೆಳಗೆ ಹೋಗುತ್ತವೆ; ಮಕ್ಕಳು ಅದನ್ನು ಓದುವುದರಲ್ಲಿ ನಿಸ್ಸೀಮರು. ನನ್ನ ತರಗತಿಯಲ್ಲಿ ಒಬ್ಬ ಪುಟಾಣಿ ಐದಕ್ಕೆ ಐದೂ ಸರಿ ಮಾಡಿದ್ದ. ನಾನು ಕೈ ಬೆನ್ನಿಗೆ ಕಟ್ಟಿಕೊಂಡು, ಕಿಟಕಿಯ ಕಡೆ ನೋಡುತ್ತಾ ಮತ್ತೆ ಕೇಳಿದಾಗ ಐದರಲ್ಲಿ ಎರಡಕ್ಕೆ ಇಳಿದ. ಅವನು ಕಲಿತಿದ್ದು ನನ್ನ ಕಣ್ಣನ್ನು.

ಕೆಲವು ಗುರುತುಗಳು ಕಂಡರೆ ಪದ್ಯವನ್ನೇ ತಿದ್ದಬೇಕು. ಪದ್ಯದಲ್ಲಿ ತಡೆದಾಗ ಸರಿಯಾಗಿ ತುಂಬುತ್ತದೆ, ಆಟದಲ್ಲಿ ಬರುವುದಿಲ್ಲ ಎಂದರೆ ಮಗು ಸರದಿಯನ್ನು ಬಾಯಿಪಾಠ ಮಾಡಿದೆ. ಬುಟ್ಟಿಯ ಮೂರು ಜೋಡಿಗಳ ಜಾಗ ಬದಲಿಸಿ ಹೇಳಿ, ಕಾಗೆ ಮೊದಲೇ ಬರಲಿ. ಎಲ್ಲದಕ್ಕೂ ‘ಒಳಗೆ’ ಎನ್ನುತ್ತಿದ್ದರೆ ಗೂಡಿನ ಜೋಡಿಗಳನ್ನು ಕೆಲವು ದಿನ ಕೈಬಿಟ್ಟು ಬುಟ್ಟಿಯ ಮೂರನ್ನು ಮಾತ್ರ ಹೇಳಿ. ಹಿಂದೆ ಮತ್ತು ಪಕ್ಕ ಅದಲುಬದಲಾಗುತ್ತಿದ್ದರೆ ಚಿಂತೆ ಬೇಡ, ಅದು ವಯಸ್ಸಿನ ಮಾತು. ಆರು ತಿಂಗಳು ಬಿಟ್ಟು ನೋಡಿ. ಆದರೆ ನಾಲ್ಕು ತುಂಬಿದ ಮಗು ಮೇಲೆ, ಕೆಳಗೆ, ಒಳಗೆ ಮೂರನ್ನೂ ಹಿಡಿಯದೆ, ಸರಳ ಮಾತಿಗೂ ತಿರುಗಿ ನೋಡದಿದ್ದರೆ ಪದ್ಯ ಬದಿಗಿಟ್ಟು ಕಿವಿಯ ಪರೀಕ್ಷೆ ಮಾಡಿಸಿ.

## ಯುಕೆಜಿಗೆ ಬಂದಾಗ ಸೇರಿಸುವ ಎರಡು ಜೋಡಿ

‘ಮುಂದೆ’ಗೆ ಅಜ್ಜಿಯೇ ಸಾಕು. ಹಿಂದೆ ಇದ್ದ ಅಳಿಲು ಮುಂದೆ ಬರಲು ಕಾರಣ ಕೊಡಿ. ‘ನಡುವೆ’ಗೆ ಒಂದೇ ಥರದ ಎರಡು ವಸ್ತು ಬೇಕು, ಚಪ್ಪಲಿಗಿಂತ ಒಳ್ಳೆಯ ಜೋಡಿ ನನಗೆ ಸಿಗಲಿಲ್ಲ. ಬುಟ್ಟಿಗೂ ಮೊರಕ್ಕೂ ನಡುವೆ ಎಂದು ಎರಡು ಹೆಸರು ಹೇಳಲು ಹೋದರೆ ಸಾಲು ಒಡೆಯುತ್ತದೆ. ಇವೆರಡನ್ನೂ ಅಜ್ಜಿ ಹೂ ಕಟ್ಟುವ ಜೋಡಿಯ ನಂತರ ಸೇರಿಸಿ:

ಕಡಲೆಯ ಬೀಜ ಅಜ್ಜಿಯು ಕೊಟ್ಲು,
ಎಲ್ಲಿದೆ ಅಳಿಲು? ಅಜ್ಜಿಯ ಮುಂದೆ.

ಅಜ್ಜನು ಬಂದು ಚಪ್ಪಲಿ ಬಿಟ್ಟ,
ಎಲ್ಲಿದೆ ಅಳಿಲು? ಚಪ್ಪಲಿ ನಡುವೆ.

ಎರಡನ್ನೂ ಒಂದೇ ವಾರ ತರಬೇಡಿ. ಕಡಲೆಬೀಜ ಮೊದಲು, ಅದು ಆಟದಲ್ಲೂ ಬಂದ ಮೇಲೆ ಚಪ್ಪಲಿ. ಚಪ್ಪಲಿಯ ಪರೀಕ್ಷೆ ಮಾಡುವಾಗ ಎರಡರ ನಡುವೆ ಒಂದು ಗೇಣು ಜಾಗವಿರಲಿ. ಒತ್ತಿ ಇಟ್ಟರೆ ಮಗು ಅಳಿಲನ್ನು ಚಪ್ಪಲಿಯ ಮೇಲೆಯೇ ಕೂರಿಸುತ್ತದೆ, ಆಗ ಅದು ಪದ ತಪ್ಪಿತೋ ಜಾಗ ಸಾಲದೆ ಹೋಯಿತೋ ನಿಮಗೆ ತಿಳಿಯುವುದಿಲ್ಲ.